ಒಂದೂವರೆ ಡಿಗ್ರಿಯ ಲೆಕ್ಕ: ಫ್ರೀ ಕೂಲಿಂಗ್‌ಗೆ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಆರಿಸುವ ಬಗೆ

(ಸಂಘದ ವಾರ್ಷಿಕ ಸಮಾವೇಶದ ಎಂಜಿನಿಯರುಗಳ ಗೋಷ್ಠಿಯಲ್ಲಿ ಮಾಡಿದ ಪ್ರಧಾನ ಭಾಷಣದ ಬರಹ ರೂಪ)

ಸಭೆಯಲ್ಲಿ ಕಟ್ಟಡಗಳ ತಂಪು ವ್ಯವಸ್ಥೆಯಲ್ಲೇ ತಲೆ ನೆರೆಸಿಕೊಂಡವರೂ ಇದ್ದೀರಿ, ಸಾಫ್ಟ್‌ವೇರ್‌ನವರೂ ಇದ್ದೀರಿ. ನೀವು ಬರೆಯುವ ಪ್ರೋಗ್ರಾಂ ಓಡುವ ಸರ್ವರುಗಳನ್ನು ತಂಪಾಗಿಡುವುದು ನಮ್ಮ ಕೆಲಸವಾದ್ದರಿಂದ ಇಬ್ಬರಿಗೂ ಹೊಂದುವಂತೆ ಮಾತಾಡಲು ಪ್ರಯತ್ನಿಸುತ್ತೇನೆ. ವಿಷಯ ತೀರ ಸಣ್ಣದು: ಒಂದು ಯಂತ್ರ, ಎರಡು ಅಂಕಿ. ಯಂತ್ರ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್. ಅಂಕಿಗಳು ಅದರ ಅಪ್ರೋಚ್ ಮತ್ತು ಫೌಲಿಂಗ್‌ಗೆಂದು ಬಿಡುವ ಅವಕಾಶ.

ಈ ಯಂತ್ರ ನಮಗೆಲ್ಲ ಪರೋಕ್ಷವಾಗಿ ಪರಿಚಿತವೇ. 1923ರಲ್ಲಿ ಇಂಗ್ಲೆಂಡಿನ ರಿಚರ್ಡ್ ಸೆಲಿಗ್‌ಮನ್ ಇದನ್ನು ಮಾರುಕಟ್ಟೆಗೆ ತಂದದ್ದು ಹಾಲಿಗಾಗಿ. ಇವತ್ತಿಗೂ ಹಾಲಿನ ಡೈರಿಗಳಲ್ಲಿ ಪಾಶ್ಚರೀಕರಣ ಆಗುವುದು ಇಂಥದ್ದೇ ಏಣು ಬಿದ್ದ ತೆಳು ಉಕ್ಕಿನ ಹಾಳೆಗಳ ನಡುವೆ. ಹಾಳೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ನಡುವೆ ರಬ್ಬರ್ ಗ್ಯಾಸ್ಕೆಟ್ ಇಟ್ಟು, ಉದ್ದ ಬೋಲ್ಟುಗಳಿಂದ ಬಿಗಿದರೆ ಆಯಿತು. ಒಂದು ಸಂದಿಯಲ್ಲಿ ಬಿಸಿ ದ್ರವ, ಪಕ್ಕದ ಸಂದಿಯಲ್ಲಿ ತಣ್ಣನೆಯದು, ಎದುರುಬದುರಾಗಿ ಹರಿಯುತ್ತವೆ. ಎರಡೂ ಬೆರೆಯುವುದಿಲ್ಲ, ಶಾಖ ಮಾತ್ರ ದಾಟುತ್ತದೆ.

ಫ್ರೀ ಕೂಲಿಂಗ್‌ನಲ್ಲಿ ಇದಕ್ಕೇನು ಕೆಲಸ? ನಾನಿರುವ ಶಿಕಾಗೋ ಸುತ್ತಿನಲ್ಲಿ ವರ್ಷದ ಅರ್ಧದಷ್ಟು ಕಾಲ ಹೊರಗಿನ ಗಾಳಿಯೇ ಫ್ರಿಜ್ಜಿನಂತಿರುತ್ತದೆ. ಆಗ ಚಿಲ್ಲರ್ ಓಡಿಸಿ ವಿದ್ಯುತ್ ಸುಡುವ ಬದಲು ಕೂಲಿಂಗ್ ಟವರಿನ ನೀರಿನಿಂದಲೇ ಒಳಗಿನ ನೀರನ್ನು ತಣಿಸಬಹುದು. ಆದರೆ ಟವರಿನ ನೀರು ಬಯಲಿನ ನೀರು. ಅದರಲ್ಲಿ ಧೂಳು, ಹುಳ, ಪಾಚಿ ಎಲ್ಲ ಇರುತ್ತವೆ. ಅದನ್ನು ನೇರವಾಗಿ ಕಟ್ಟಡದ ಒಳಗಿನ ಕಾಯಿಲ್‌ಗಳಿಗೆ ಬಿಡುವಂತಿಲ್ಲ. ಆದ್ದರಿಂದ ನಡುವೆ ಈ ಹಾಳೆಗಳ ಗೋಡೆ.

ಗೋಡೆ ಎಂದ ಮೇಲೆ ಅದಕ್ಕೊಂದು ಸುಂಕ ಇದ್ದೇ ಇರುತ್ತದೆ. ಒಳಗಿನ ನೀರು ಎಂದೂ ಟವರಿನ ನೀರಿನಷ್ಟೇ ತಣ್ಣಗಾಗುವುದಿಲ್ಲ. ಒಳಗೆ ಹೋಗುವ ತಣ್ಣೀರಿಗೂ ಎಕ್ಸ್‌ಚೇಂಜರಿಗೆ ಬರುವ ಟವರ್ ನೀರಿಗೂ ಇರುವ ಅಂತರವೇ ಅಪ್ರೋಚ್. ಟವರಿಗೂ ತನ್ನದೇ ಅಪ್ರೋಚ್ ಇದೆ: ಅದು ಕೊಡುವ ನೀರಿಗೂ ಗಾಳಿಯ ವೆಟ್ ಬಲ್ಬ್ ಉಷ್ಣತೆಗೂ ಇರುವ ಅಂತರ. ಹೀಗಾಗಿ ಇಡೀ ಲೆಕ್ಕ ಒಂದು ಸಾಲಿನ ಕೂಡಿಸುವ ಲೆಕ್ಕ:

ತಣ್ಣೀರು = ವೆಟ್ ಬಲ್ಬ್ + ಟವರಿನ ಅಪ್ರೋಚ್ + ಎಕ್ಸ್‌ಚೇಂಜರಿನ ಅಪ್ರೋಚ್

ಇಲ್ಲೇ ಅನೇಕರು ಜಾರುವುದು. ಬೇಸಿಗೆಯ ಸೆಕೆಯಲ್ಲಿ 4 ಡಿಗ್ರಿ ಅಪ್ರೋಚ್ ಕೊಡುವ ಟವರ್ ಚಳಿಗಾಲದಲ್ಲೂ ಅಷ್ಟೇ ಕೊಡುತ್ತದೆ ಎಂದುಕೊಳ್ಳುತ್ತಾರೆ. ಕೊಡುವುದಿಲ್ಲ. ತಣ್ಣನೆಯ ಗಾಳಿ ಹಿಡಿದುಕೊಳ್ಳಬಲ್ಲ ತೇವಾಂಶ ಕಡಿಮೆ, ಆದ್ದರಿಂದ ಅದೇ ಶಾಖವನ್ನು ಹೊರಹಾಕಲು ನೀರಿಗೂ ಗಾಳಿಗೂ ಹೆಚ್ಚು ಅಂತರ ಬೇಕು. 25 ಡಿಗ್ರಿ ವೆಟ್ ಬಲ್ಬ್‌ನಲ್ಲಿ 4 ಡಿಗ್ರಿ ಅಪ್ರೋಚ್ ಇದ್ದ ಟವರ್, ಅದೇ ಹೊರೆ ಹೊತ್ತು 2-3 ಡಿಗ್ರಿ ವೆಟ್ ಬಲ್ಬ್‌ನಲ್ಲಿ ಓಡಿದಾಗ 8 ಡಿಗ್ರಿಯ ಆಸುಪಾಸಿಗೆ ಬರುವುದು ಸಾಮಾನ್ಯ. ಎಕ್ಸ್‌ಚೇಂಜರಿನ ಮಾತಿಗೆ ಮೊದಲು ಟವರ್ ತಯಾರಕರಿಂದ ಚಳಿಗಾಲದ ಕರ್ವ್ ಕೇಳಿ ತರಿಸಿಕೊಳ್ಳಿ. ಅದಿಲ್ಲದೆ ಉಳಿದ ಲೆಕ್ಕವೆಲ್ಲ ಗಾಳಿಗೋಪುರ.

ಈಗ ಒಂದು ನಿಜವಾದ ಪ್ರಮಾಣ ಹಿಡಿಯೋಣ. ಹಳೆಯದೊಂದು ಡೇಟಾ ಸೆಂಟರ್, ಹೊರೆ 2000 ಕಿಲೋವ್ಯಾಟ್. ಒಳಗಿನ ನೀರು 18 ಡಿಗ್ರಿಯಲ್ಲಿ ಬಂದು 12ಕ್ಕೆ ಇಳಿದು ಹೋಗಬೇಕು. ಟವರ್ ನೀರು 10.5ಕ್ಕೆ ಬಂದು 16.5ಕ್ಕೆ ಏರಿ ಹೋಗುತ್ತದೆ. ಎರಡೂ ಕಡೆ ಹರಿವು ಸಮ, ಸೆಕೆಂಡಿಗೆ ಸುಮಾರು 80 ಲೀಟರ್. ಹರಿವು ಸಮ ಇರುವುದರಿಂದ ಹಾಳೆಯ ಉದ್ದಕ್ಕೂ ಎರಡು ನೀರುಗಳ ನಡುವಿನ ಅಂತರ ಎಲ್ಲೆಡೆ ಒಂದೇ: 1.5 ಡಿಗ್ರಿ. ಅಂದರೆ ಅಪ್ರೋಚೇ ಸರಾಸರಿ ಅಂತರವೂ ಹೌದು. ಶಾಖದ ಸೂತ್ರ ಎಲ್ಲರೂ ಕಾಲೇಜಿನಲ್ಲಿ ಓದಿದ್ದೇ:

Q = U × A × LMTD

ಸ್ವಚ್ಛ ಹಾಳೆಗಳಿಗೆ U ಎಂಬ ಶಾಖ ದಾಟಿಸುವ ಗುಣಾಂಕ ಚದರ ಮೀಟರಿಗೆ, ಡಿಗ್ರಿಗೆ 5000 ವ್ಯಾಟ್ ಎಂದು ಇಟ್ಟುಕೊಳ್ಳಿ. ನೀರಿನಿಂದ ನೀರಿಗೆ ಇದು ನ್ಯಾಯವಾದ ಅಂಕಿ. ಆಗ ಬೇಕಾದ ವಿಸ್ತೀರ್ಣ 267 ಚದರ ಮೀಟರ್. ಅಪ್ರೋಚ್ 3 ಡಿಗ್ರಿ ಸಾಕು ಎಂದರೆ ಅದರರ್ಧ, 133. ಒಂದೇ ಡಿಗ್ರಿ ಬೇಕು ಎಂದರೆ 400. ಅಪ್ರೋಚ್ ಅರ್ಧವಾದರೆ ಹಾಳೆ ಇಮ್ಮಡಿ. ಇಲ್ಲಿ ರಿಯಾಯಿತಿ ಇಲ್ಲ.

ಹಾಗಾದರೆ ಒಂದೂವರೆಯಿಂದ ಒಂದಕ್ಕೆ ಇಳಿಯಲು 133 ಚದರ ಮೀಟರ್ ಹೆಚ್ಚುವರಿ ಹಾಳೆ ಕೊಳ್ಳಬೇಕೇ? ಇದಕ್ಕೆ ಉತ್ತರ ಹವಾಮಾನದ ಫೈಲಿನಲ್ಲಿದೆ. ಶಿಕಾಗೋದ ವೆಟ್ ಬಲ್ಬ್ ಒಂದು ವರ್ಷದಲ್ಲಿ ಮೈನಸ್ 15ರ ಕೆಳಗಿನಿಂದ 25ರವರೆಗೆ, ನಲವತ್ತು ಚಿಲ್ಲರೆ ಡಿಗ್ರಿಗಳ ಉದ್ದಕ್ಕೆ ಓಡಾಡುತ್ತದೆ. ವರ್ಷಕ್ಕೆ 8760 ಗಂಟೆ. ಭಾಗಿಸಿದರೆ ಡಿಗ್ರಿಗೆ ಸರಾಸರಿ 200 ಗಂಟೆ. ಅರ್ಧ ಡಿಗ್ರಿ ಎಂದರೆ 100 ಗಂಟೆ. ಟವರಿನ ಅಪ್ರೋಚ್ ಚಳಿಯಲ್ಲಿ ಹಿಗ್ಗುವುದರಿಂದ ನೀರಿನ ಒಂದು ಡಿಗ್ರಿ ಗಾಳಿಯ ಒಂದು ಡಿಗ್ರಿಗಿಂತ ತುಸು ಹೆಚ್ಚೇ ಬೆಲೆಬಾಳುತ್ತದೆ, ಆದರೆ ಮೊದಲ ಅಂದಾಜಿಗೆ ಇಷ್ಟು ಸಾಕು. ಚಿಲ್ಲರ್ ಒಂದು ಯೂನಿಟ್ ವಿದ್ಯುತ್ತಿಗೆ ಆರು ಯೂನಿಟ್ ತಂಪು ಕೊಡುತ್ತದೆ ಎಂದರೆ ಅದು ಎಳೆಯುವುದು 333 ಕಿಲೋವ್ಯಾಟ್. ನೂರು ಗಂಟೆಗೆ 33,300 ಯೂನಿಟ್. ಯೂನಿಟ್ಟಿಗೆ ಹತ್ತು ಸೆಂಟ್ ಹಿಡಿದರೆ ವರ್ಷಕ್ಕೆ 3,300 ಡಾಲರ್ ಉಳಿತಾಯ.

ಆದರೆ ಒಂದು ತಿದ್ದುಪಡಿ ಇದೆ, ಅದನ್ನು ಬಹಳ ಜನ ಮಾಡುವುದಿಲ್ಲ. ಮೇಲಿನ ಲೆಕ್ಕ ಎಕ್ಸ್‌ಚೇಂಜರ್ ಇಲ್ಲವೇ ಚಿಲ್ಲರ್, ಎರಡರಲ್ಲಿ ಒಂದೇ ಓಡುವ ಜೋಡಣೆಗೆ ಸರಿ. ಈಗಿನ ಜೋಡಣೆಗಳಲ್ಲಿ ಎಕ್ಸ್‌ಚೇಂಜರ್ ಚಿಲ್ಲರಿನ ಮುಂದೆ ಸಾಲಿನಲ್ಲಿ ಕೂರುತ್ತದೆ. ಟವರ್ ನೀರು 14 ಡಿಗ್ರಿ ಇದ್ದಾಗಲೂ 18ರ ನೀರನ್ನು ಅದು ಒಂದಿಷ್ಟು ಇಳಿಸಿ ಕೊಡುತ್ತದೆ, ಉಳಿದದ್ದನ್ನು ಚಿಲ್ಲರ್ ನೋಡಿಕೊಳ್ಳುತ್ತದೆ. 1.5 ಡಿಗ್ರಿಯ ಎಕ್ಸ್‌ಚೇಂಜರ್ ಟವರ್ ನೀರು 10.5 ಇದ್ದಾಗ ಪೂರ್ತಿ ಹೊರೆ ಹೊರುತ್ತದೆ, 18ಕ್ಕೆ ಬಂದಾಗ ಸೊನ್ನೆ, ನಡುವೆ ನೇರ ಗೆರೆ. 1 ಡಿಗ್ರಿಯದು 11ರಲ್ಲಿ ಪೂರ್ತಿ ಹೊರುತ್ತದೆ, ಆದರೆ ಸೊನ್ನೆಯಾಗುವುದು ಅದೇ 18ಕ್ಕೆ. ಎರಡು ಗೆರೆಗಳನ್ನು ಕಾಗದದ ಮೇಲೆ ಎಳೆದು ನೋಡಿ. ನಡುವೆ ಸಿಗುವುದು ಒಂದು ತೆಳ್ಳನೆಯ ತ್ರಿಕೋನ, ಅದರ ಬೆಲೆ ಅರ್ಧ ಡಿಗ್ರಿಯಲ್ಲ, ಕಾಲು ಡಿಗ್ರಿ. ಉಳಿತಾಯ 1,650 ಡಾಲರಿಗೆ ಇಳಿಯಿತು. ಹೆಚ್ಚುವರಿ ಹಾಳೆಗಳ ಕೊಟೇಶನ್ ತರಿಸಿ ಇದರಿಂದ ಭಾಗಿಸಿ. ಎಷ್ಟು ವರ್ಷ ಬರುತ್ತದೋ ಅದನ್ನು ಮಾಲೀಕರ ಮುಂದಿಡಿ. ಸಾಲಿನ ಜೋಡಣೆಯಲ್ಲಿ ಒಂದು ಡಿಗ್ರಿಗಿಂತ ಕೆಳಗೆ ಇಳಿಯುವ ಹಟವನ್ನು ನಾನು ಸಮರ್ಥಿಸುವುದಿಲ್ಲ. ಆ ಹಣವನ್ನು ಟವರಿಗೆ ಹಾಕುವುದು ಎಷ್ಟೋ ಸಲ ಮೇಲು.

ಇನ್ನು ಎರಡನೆಯ ಅಂಕಿ. ನನ್ನ ಅಭಿಪ್ರಾಯದಲ್ಲಿ ಹಣ ಹೆಚ್ಚು ಪೋಲಾಗುವುದು ಇಲ್ಲಿ.

ಇದೇ ಪ್ರಮಾಣದ ಒಂದು ಕೆಲಸದ ಸ್ಪೆಸಿಫಿಕೇಶನ್ ನನ್ನ ಮೇಜಿಗೆ ಪರಿಶೀಲನೆಗೆ ಬಂದಿತ್ತು. ಅದರಲ್ಲಿ ಟವರ್ ನೀರಿಗೆ ಫೌಲಿಂಗ್ ಫ್ಯಾಕ್ಟರ್ 0.001 ಎಂದಿತ್ತು, ಅಮೆರಿಕದ ಅಳತೆಯಲ್ಲಿ. ಇದು ಶೆಲ್ ಆಂಡ್ ಟ್ಯೂಬ್ ಎಕ್ಸ್‌ಚೇಂಜರುಗಳ ಟೀಮಾ ಕೋಷ್ಟಕದಿಂದ ಬಂದ ಅಂಕಿ, ಸಂಸ್ಕರಿಸಿದ ಟವರ್ ನೀರಿಗೆ. ಮೆಟ್ರಿಕ್‌ನಲ್ಲಿ 0.000176. ನೋಡಲು ಸೊನ್ನೆಗಳ ಸಾಲು, ನಿರುಪದ್ರವಿ ಎನಿಸುತ್ತದೆ. ಶೆಲ್ ಆಂಡ್ ಟ್ಯೂಬಿನಲ್ಲಿ ಅದು ಹೌದು ಕೂಡ: ಅಲ್ಲಿ U 1500ರ ಸುತ್ತ ಇದ್ದರೆ ಈ ಫ್ಯಾಕ್ಟರ್ ಕೇಳುವುದು ನೂರಕ್ಕೆ ಇಪ್ಪತ್ತಾರು ಹೆಚ್ಚು ವಿಸ್ತೀರ್ಣ. ಪ್ಲೇಟಿನಲ್ಲಿ U 5000. ಅಂದರೆ ಸ್ವಚ್ಛ ಹಾಳೆಯ ಇಡೀ ಪ್ರತಿರೋಧವೇ 0.0002. ಅದಕ್ಕೆ 0.000176 ಕೂಡಿಸಿದರೆ ಹೆಚ್ಚುಕಡಿಮೆ ಎರಡರಷ್ಟಾಯಿತು. U 2660ಕ್ಕೆ ಇಳಿಯಿತು, 267 ಚದರ ಮೀಟರ್ 501 ಆಯಿತು. ನೂರಕ್ಕೆ ಎಂಬತ್ತೆಂಟು ಹೆಚ್ಚು. ಕೋಷ್ಟಕ ತಪ್ಪಲ್ಲ, ಬೇರೆ ಯಂತ್ರದ ಕೋಷ್ಟಕ ಅಷ್ಟೇ.

ಹಣ ಹೋದರೂ ನೆಮ್ಮದಿ ಸಿಕ್ಕಿತಲ್ಲ ಎನ್ನಬಹುದು. ನೆಮ್ಮದಿಯೂ ಸಿಗುವುದಿಲ್ಲ. ಹೆಚ್ಚುವರಿ ಹಾಳೆಗಳು ಪಕ್ಕಕ್ಕೆ, ಸಮಾಂತರವಾಗಿ ಸೇರುತ್ತವೆ. ಅದೇ 80 ಲೀಟರ್ ಈಗ ಎರಡರಷ್ಟು ಸಂದಿಗಳಲ್ಲಿ ಹಂಚಿಹೋಗುತ್ತದೆ. ಸಂದಿಯೊಳಗಿನ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒತ್ತಡದ ಇಳಿಕೆ ವೇಗದ ಹೆಚ್ಚುಕಡಿಮೆ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ, ಮೊದಲು 40 ಕಿಲೋಪಾಸ್ಕಲ್ ಇದ್ದದ್ದು 13ಕ್ಕೆ ಬರುತ್ತದೆ. ನೀರು ಗೋಡೆಯನ್ನು ಉಜ್ಜಿಕೊಂಡು ಹೋಗುವ ಬಲವೂ ಅದೇ ಪ್ರಮಾಣದಲ್ಲಿ, ಮೂರನೇ ಒಂದಕ್ಕೆ ಕುಸಿಯುತ್ತದೆ. ಹಾಳೆಯನ್ನು ಶುಚಿಯಾಗಿಡುವುದು ಈ ಉಜ್ಜುವಿಕೆಯೇ. ಹೊಳೆಯ ಮಡುವಿನಲ್ಲಿ ಹೂಳು ಕೂರುತ್ತದೆ, ಓಟದ ಜಾಗದಲ್ಲಿ ಕಲ್ಲು ಬೆಳ್ಳಗಿರುತ್ತದೆ. ಫೌಲಿಂಗ್ ಬರಬಹುದೆಂದು ಹಾಳೆ ಸೇರಿಸಿ, ಫೌಲಿಂಗ್ ಬರುವಂತೆ ನಾವೇ ಮಾಡಿಕೊಂಡ ಹಾಗಾಯಿತು.

ಇನ್ನೊಂದು ಪೆಟ್ಟು ಕೂಡ ಇದೆ. ವೇಗ ಇಳಿದಾಗ ನೀರಿನ ಶಾಖ ಕೊಡುವ ಶಕ್ತಿಯೂ ಇಳಿಯುತ್ತದೆ. ಸ್ವಚ್ಛ ಹಾಳೆಯ U ಕೂಡ 5000ದಲ್ಲಿ ನಿಲ್ಲದೆ 3400ರ ಹತ್ತಿರ ಬರುತ್ತದೆ. ಹಾಗಾಗಿ 501 ಚದರ ಮೀಟರಿನ ಆ ದೈತ್ಯ, ಹೊಚ್ಚ ಹೊಸದಾಗಿದ್ದಾಗಲೂ ಕೊಡುವ ಅಪ್ರೋಚ್ ಸುಮಾರು 1.2 ಡಿಗ್ರಿ. ಎರಡರಷ್ಟು ಹಾಳೆ ಕೊಂಡು ಗಳಿಸಿದ್ದು 0.3 ಡಿಗ್ರಿ.

ಹಾಗಾದರೆ ಎಷ್ಟು ಬಿಡಬೇಕು? ಒಳಗಿನ ಮುಚ್ಚಿದ ನೀರಿಗೂ ಶೋಧಿಸಿದ ಟವರ್ ನೀರಿಗೂ ನಾನು ಶೇಕಡಾ 10 ವಿಸ್ತೀರ್ಣ ಬರೆಯುತ್ತೇನೆ. ನೀರು ತೀರ ಕೆಟ್ಟದಾಗಿದ್ದರೆ 15. ನಮ್ಮ ಉದಾಹರಣೆಯಲ್ಲಿ ಅದು 293 ಚದರ ಮೀಟರ್. ಫ್ಯಾಕ್ಟರ್ ಭಾಷೆಯಲ್ಲಿ 0.00002, ಟೀಮಾ ಅಂಕಿಯ ಒಂಬತ್ತನೇ ಒಂದು ಪಾಲಿನಷ್ಟು. ಅದಕ್ಕಿಂತ ಮುಖ್ಯ, ಒತ್ತಡದ ಇಳಿಕೆಗೆ ಗರಿಷ್ಠ ಮಿತಿಯ ಜೊತೆಗೆ ಕನಿಷ್ಠ ಮಿತಿಯನ್ನೂ ಬರೆಯಿರಿ. ಗರಿಷ್ಠವನ್ನು ಆಶ್ರೇ 90.1 ಮಾನದಂಡವೇ ಹೇಳುತ್ತದೆ: 15 ಅಡಿ ನೀರಿಗಿಂತ ಕಡಿಮೆ, ಅಂದರೆ ಸುಮಾರು 45 ಕಿಲೋಪಾಸ್ಕಲ್, ಇಲ್ಲವಾದರೆ ಫ್ರೀ ಕೂಲಿಂಗ್ ಇಲ್ಲದ ಸಮಯದಲ್ಲಿ ಪಂಪಿಗೆ ಆ ಹೊರೆ ಬೀಳದಂತೆ ಬೈಪಾಸ್ ಇರಬೇಕು. ಕನಿಷ್ಠವನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಕೆಲವು ಪೂರೈಕೆದಾರರು ಗಿಡ್ಡ, ಅಗಲ ಹಾಳೆಗಳನ್ನು ರಾಶಿ ಹಾಕಿ ಕೊಟ್ಟುಬಿಡುತ್ತಾರೆ. 30 ಕಿಲೋಪಾಸ್ಕಲ್‌ಗೆ ಕಡಿಮೆ ಆಗಬಾರದು ಎಂದು ಬರೆದರೆ ಅವರು ಉದ್ದ ಹಾಳೆ, ವಿಶಾಲ ಕೋನದ ಏಣಿನ ವಿನ್ಯಾಸದತ್ತ ಹೋಗಲೇಬೇಕಾಗುತ್ತದೆ. 1.5 ಡಿಗ್ರಿಯಂಥ ಬಿಗಿ ಅಪ್ರೋಚಿಗೆ ಬೇಕಾದದ್ದೂ ಅದೇ: ನೀರು ಒಳಗೆ ಹೆಚ್ಚು ದೂರ ನಡೆಯಬೇಕು.

ಹರಿವು ಏರಿಳಿಯುವ ವ್ಯವಸ್ಥೆಯಾದರೆ ಒಂದೇ ದೊಡ್ಡದರ ಬದಲು ಅರ್ಧರ್ಧದ ಎರಡು ಕೊಳ್ಳಿ. ಹರಿವು ಶೇಕಡಾ 40ಕ್ಕೆ ಇಳಿದರೆ ಉಜ್ಜುವ ಬಲ ಐದನೇ ಒಂದಕ್ಕೆ ಬೀಳುತ್ತದೆ. ಎರಡಿದ್ದರೆ ಆಗ ಒಂದನ್ನು ಮುಚ್ಚಿ ಇನ್ನೊಂದನ್ನು ಚುರುಕಾಗಿ ಓಡಿಸಬಹುದು, ಮುಚ್ಚಿದ್ದನ್ನು ತೊಳೆಯಲೂಬಹುದು. ಫ್ರೇಮಿನಲ್ಲಿ ಮುಂದೆ ಹಾಳೆ ಸೇರಿಸಲು ಶೇಕಡಾ 15-20 ಜಾಗ ಇರಲಿ. ಆ ಜಾಗ ಅಗ್ಗ, ಹಾಳೆ ದುಬಾರಿ.

ಈಗ ನೆಲಕ್ಕೆ ಬರೋಣ. ಫೌಲಿಂಗ್ ಎಂದರೆ ನಿಜವಾಗಿ ಏನು? ಪುಸ್ತಕದ ಫ್ಯಾಕ್ಟರ್ ಕಲ್ಪಿಸುವುದು ಹಾಳೆಯ ಮೇಲೆ ದೋಸೆಯಂತೆ ಸಮನಾಗಿ ಹರಡಿದ ಪದರವನ್ನು. ಸ್ನಾನದ ಮನೆಯ ಗೀಸರಿನಲ್ಲಿ ಕಟ್ಟುವ ಸುಣ್ಣ ಇಲ್ಲಿ ದೊಡ್ಡ ಸಮಸ್ಯೆಯಲ್ಲ, ಏಕೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಸಿಯಲ್ಲಿ ಕಟ್ಟುತ್ತದೆ, ತಣ್ಣೀರಿನಲ್ಲಿ ಕರಗಿಯೇ ಇರಲು ಬಯಸುತ್ತದೆ. 10-16 ಡಿಗ್ರಿಯ ಈ ನೀರಿನಲ್ಲಿ ಬರುವುದು ಬೇರೆಯೇ. ನಮ್ಮ ಕಡೆ ಜೂನ್ ಹೊತ್ತಿಗೆ ಕಾಟನ್‌ವುಡ್ ಮರಗಳ ಬಿಳಿ ಹತ್ತಿ ಹಿಮದಂತೆ ಹಾರುತ್ತದೆ, ಟವರ್ ಅದನ್ನೆಲ್ಲ ಒಳಗೆಳೆದುಕೊಳ್ಳುತ್ತದೆ. ಎಲೆ, ಹುಳ, ಟವರಿನ ಒಳಗಿನ ಪ್ಲಾಸ್ಟಿಕ್ ಫಿಲ್ ಮುರಿದ ಚೂರು, ಮಣ್ಣು, ಇವುಗಳ ಮೇಲೆ ಬೆಳೆಯುವ ಲೋಳೆ. ಇವು ಪದರ ಕಟ್ಟುವುದಕ್ಕಿಂತ ಹೆಚ್ಚಾಗಿ ಸಂದಿಯ ಬಾಯಿಗೆ ಬಿರಡೆಯಂತೆ ಕೂರುತ್ತವೆ. ಬಿರಡೆಗೆ ಹೆಚ್ಚುವರಿ ವಿಸ್ತೀರ್ಣ ಮದ್ದಲ್ಲ, ಶೋಧಕ ಮದ್ದು. ಸಂದಿಯ ಅಗಲ 2.5 ಮಿಲಿಮೀಟರ್ ಇದ್ದರೆ ಸ್ಟ್ರೈನರಿನ ತೂತು ಅದರ ಅರ್ಧದಷ್ಟಿರಲಿ. ಟವರ್ ಕಡೆಗೆ ಹರಿವು ತಿರುಗಿಸಿ ತೊಳೆಯುವ ವಾಲ್ವುಗಳು, ಎರಡೂ ತುದಿಗೆ ಒತ್ತಡದ ಗೇಜು ಕೂರಿಸುವ ಜಾಗ, ಇವನ್ನು ಮೊದಲ ದಿನವೇ ಕೇಳಿ. ಆಮೇಲೆ ಕೇಳಿದರೆ ಪೈಪು ಕತ್ತರಿಸಬೇಕು.

ಬೇಸಿಗೆಯಲ್ಲಿ ಕೆಲಸವಿಲ್ಲದೆ ನಿಲ್ಲುವ ತಿಂಗಳುಗಳು ಇನ್ನೂ ಅಪಾಯಕಾರಿ. ಒಳಗೆ ಟವರ್ ನೀರು ನಿಂತರೆ ಲೋಳೆ ಬೆಳೆಯುತ್ತದೆ, ಅದರ ಅಡಿಯಲ್ಲಿ ಸ್ಟೇನ್‌ಲೆಸ್ ಉಕ್ಕಿಗೆ ಸಣ್ಣ ಗುಳಿಗಳು ಬೀಳುತ್ತವೆ. ಒಂದೋ ನೀರು ಬಸಿದು ಒಣಗಿಸಿಡಿ, ಇಲ್ಲವೇ ವಾರಕ್ಕೆ ಕೆಲವು ಸಲ ಔಷಧ ಬೆರೆತ ನೀರನ್ನು ಓಡಿಸಿ. ಕ್ಲೋರೈಡ್ ಹೆಚ್ಚಿರುವ ನೀರಾದರೆ 304ರ ಬದಲು 316 ದರ್ಜೆ, ಸಮುದ್ರದ ನೀರಾದರೆ ಟೈಟಾನಿಯಂ. ಕೊಲ್ಲಿ ದೇಶಗಳಿಂದ ಬಂದ ಸ್ನೇಹಿತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಟ್ಟಿಕೊಂಡದ್ದು ಗೊತ್ತಾಗುವುದು ಹೇಗೆ? ಪರದೆಯ ಮೇಲಿನ ಅಪ್ರೋಚ್ ಅಂಕಿ ನೋಡಿ ಎಂದು ಬಹಳ ಕೈಪಿಡಿಗಳು ಹೇಳುತ್ತವೆ. ಅದೊಂದೇ ಮೋಸ ಮಾಡುತ್ತದೆ. ನಾನು ಹೇಳಿದ ಕೆಲಸದಲ್ಲಿ ಕೊನೆಗೆ ಶೇಕಡಾ 10 ಅವಕಾಶದ ಎರಡು ಎಕ್ಸ್‌ಚೇಂಜರುಗಳನ್ನೇ ಕೊಂಡರು. ಮೂರನೆಯ ಚಳಿಗಾಲದಲ್ಲಿ ಹೊರೆ ಶೇಕಡಾ 60, ಹರಿವು ಪೂರ್ತಿ, ಪರದೆಯಲ್ಲಿ ಅಪ್ರೋಚ್ 1.1. ವಿನ್ಯಾಸದ್ದು 1.5, ಇದು ಅದಕ್ಕಿಂತ ಒಳ್ಳೆಯದೇ ಅಲ್ಲವೇ ಎಂದು ಆಪರೇಟರ್ ನಿಶ್ಚಿಂತನಾಗಿದ್ದ. ಆದರೆ ಹರಿವು ಬದಲಾಗದಿದ್ದರೆ ಅಪ್ರೋಚ್ ಹೊರೆಯ ಜೊತೆಗೇ ಇಳಿಯಬೇಕು. ಆದ್ದರಿಂದ ನೋಡಬೇಕಾದ್ದು ಅನುಪಾತವನ್ನು: ನೀರು ಎಷ್ಟು ಡಿಗ್ರಿ ಇಳಿಯಿತು, ಭಾಗಿಸು ಅಪ್ರೋಚ್.

NTU = ΔT / ಅಪ್ರೋಚ್

ವಿನ್ಯಾಸದಲ್ಲಿ 6 ಭಾಗ 1.5, ಅಂದರೆ 4. ಹೆಚ್ಚುವರಿ ಹಾಳೆಯೂ ಸೇರಿ ಹೊಸದರಲ್ಲಿ 4.4. ಆ ದಿನ ಇಳಿದದ್ದು 3.6 ಡಿಗ್ರಿ, ಅಪ್ರೋಚ್ 1.1, ಉತ್ತರ 3.3. ಕಾಲು ಭಾಗ ಶಕ್ತಿ ಹೋಗಿತ್ತು. ಶುಚಿಯಾಗಿದ್ದರೆ ಆ ಹೊರೆಗೆ 0.8 ತೋರಿಸಬೇಕಿತ್ತು.

ಮುಂದಿನ ಪ್ರಶ್ನೆ, ಪದರವೋ ಬಿರಡೆಯೋ. ಅದಕ್ಕೆ ಒತ್ತಡ ಉತ್ತರ ಕೊಡುತ್ತದೆ. ಅದೇ ಹರಿವಿಗೆ ಟವರ್ ಕಡೆಯ ಇಳಿಕೆ 40ರಿಂದ 55 ಕಿಲೋಪಾಸ್ಕಲ್‌ಗೆ ಏರಿತ್ತು, ಒಳಗಿನ ಕಡೆ ಬದಲಾವಣೆ ಇರಲಿಲ್ಲ. ಅಂದರೆ ಬಿರಡೆ, ಅದೂ ಟವರ್ ಕಡೆ. NTU ಬಿದ್ದು ಒತ್ತಡ ಹಾಗೇ ಇದ್ದಿದ್ದರೆ ತೆಳು ಲೋಳೆಯನ್ನೋ, ಎರಡು ಕಡೆಯ ಹರಿವು ಸಮತೋಲ ತಪ್ಪಿದ್ದನ್ನೋ, ಮೇಲೆ ಸಿಕ್ಕಿಕೊಂಡ ಗಾಳಿಯನ್ನೋ ಹುಡುಕಬೇಕಿತ್ತು. ಬಿಚ್ಚಿದಾಗ ನೀರು ಒಳಬರುವ ಬಾಯಲ್ಲಿ ಹತ್ತಿಯ ಉಂಡೆಗಳೂ ಫಿಲ್ಲಿನ ಚೂರುಗಳೂ ಸಿಕ್ಕವು. ಸ್ಟ್ರೈನರಿಗೆ 3 ಮಿಲಿಮೀಟರ್ ತೂತಿನ ಬುಟ್ಟಿ ಹಾಕಿದ್ದರು. ಸಂದಿ ಅದಕ್ಕಿಂತ ಕಿರಿದು. ಬುಟ್ಟಿ ಬದಲಾಯಿಸಿ, ಹರಿವು ತಿರುಗಿಸಿ ತೊಳೆಯುವುದನ್ನು ತಿಂಗಳ ಪಟ್ಟಿಗೆ ಸೇರಿಸಿದ ಮೇಲೆ ಅನುಪಾತ ಮತ್ತೆ 4.3ಕ್ಕೆ ಬಂತು. ಒಂದು ಹಾಳೆಯನ್ನೂ ಸೇರಿಸಬೇಕಾಗಲಿಲ್ಲ.

ಈ ಲೆಕ್ಕಕ್ಕೆ ಒಳ್ಳೆಯ ಥರ್ಮಾಮೀಟರ್ ಬೇಕು ಎನ್ನುವುದನ್ನು ಹೇಳಿಬಿಡುತ್ತೇನೆ. ಅರ್ಧ ಡಿಗ್ರಿ ಆಚೀಚೆ ಆಗುವ ಸೆನ್ಸರಿನಿಂದ ಒಂದು ಡಿಗ್ರಿ ಅಪ್ರೋಚ್ ಅಳೆಯುವುದು ಅಕ್ಕಿ ಮೂಟೆಯ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ. ಒಟ್ಟಿಗೆ ಕ್ಯಾಲಿಬ್ರೇಟ್ ಮಾಡಿದ ಜೋಡಿ ಸೆನ್ಸರುಗಳನ್ನು ಹಾಕಿಸಿ, ವರ್ಷಕ್ಕೊಮ್ಮೆ ಒಂದೇ ಬಕೆಟ್ ಐಸ್ ನೀರಿನಲ್ಲಿ ಮುಳುಗಿಸಿ ಹೋಲಿಸಿ.

ಕೊನೆಗೆ, ಊರಿಗೆ ಹೋದಾಗಲೆಲ್ಲ ಬಳಗದವರು ಕೇಳುವ ಪ್ರಶ್ನೆ: ಬೆಂಗಳೂರು ತಂಪಾದ ಊರಲ್ಲವೇ, ಅಲ್ಲಿಗೆ ಇದು ಆಗುವುದಿಲ್ಲವೇ? ಡಿಸೆಂಬರ್-ಜನವರಿಯ ಬೆಳಗಿನ ಜಾವ ಅಲ್ಲಿ ವೆಟ್ ಬಲ್ಬ್ 13ರಿಂದ 15ರ ಸುತ್ತ ಇರುತ್ತದೆ. ಟವರಿಗೆ 5, ಎಕ್ಸ್‌ಚೇಂಜರಿಗೆ 1.5 ಸೇರಿಸಿ. ಸುಮಾರು 19.5ರಿಂದ 21.5 ಬಂತು. 7 ಡಿಗ್ರಿ ನೀರು ಕೇಳುವ ಆಫೀಸ್ ಕಟ್ಟಡಕ್ಕೆ ಇದರಿಂದ ಏನೂ ಪ್ರಯೋಜನವಿಲ್ಲ. ಆದರೆ 20-22 ಡಿಗ್ರಿ ನೀರಿನಲ್ಲೇ ತೃಪ್ತಿಪಡುವಂತೆ ವಿನ್ಯಾಸ ಮಾಡಿದ ಸರ್ವರ್ ಹಾಲ್ ಆದರೆ, ಸಾಲಿನ ಜೋಡಣೆಯಲ್ಲಿ ವರ್ಷದ ಅನೇಕ ರಾತ್ರಿಗಳಲ್ಲಿ ಚಿಲ್ಲರಿನ ಹೊರೆಯ ಒಂದು ಪಾಲು ಇಳಿಯುತ್ತದೆ. ಅಲ್ಲಿ ಅಪ್ರೋಚನ್ನು ಹಿಂಡುವ ಮೊದಲು ಒಳಗಿನ ನೀರನ್ನು ಎಷ್ಟು ಡಿಗ್ರಿ ಏರಿಸಬಹುದು ಎಂದು ಸರ್ವರಿನವರನ್ನು ಕೇಳಿ. ಆ ಡಿಗ್ರಿಗೆ ಹಾಳೆ ಕೊಳ್ಳಬೇಕಾಗಿಲ್ಲ. ಮುಂದಿನ ಸಾಲಿನಲ್ಲಿ ಆಗಲೇ ಎರಡು ಕೈ ಎದ್ದಿವೆ, ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ.